ಎರಡು ಆಫರ್ ಕೈಯಲ್ಲಿದೆಯಾ? ಹೂಂ ಅನ್ನುವ ಮೊದಲು ಎಚ್‌ಆರ್‌ಗೆ ಪಿಎಫ್, ವಿಮೆ, ರಜೆ ಬಗ್ಗೆ ಕೇಳಿ

ಒಂದು ಕಂಪನಿ ವರ್ಷಕ್ಕೆ 12 ಲಕ್ಷ ಅನ್ನುತ್ತದೆ. ಇನ್ನೊಂದು 11 ಲಕ್ಷ 40 ಸಾವಿರ. ಮೇಲ್ನೋಟಕ್ಕೆ ಮೊದಲನೆಯದರಲ್ಲಿ 60 ಸಾವಿರ ಜಾಸ್ತಿ ಇದೆ, ಅಲ್ವಾ? ಬೆಂಗಳೂರಿನಲ್ಲಿ ಕೆಲಸ ಬದಲಾಯಿಸುವ ಎಷ್ಟೋ ಜನ ಇಷ್ಟೇ ನೋಡಿ ತೀರ್ಮಾನ ಮಾಡಿಬಿಡುತ್ತಾರೆ. ಆದರೆ ಈ ಎರಡು ಸಂಖ್ಯೆಗಳನ್ನು ಹೀಗೆ ಅಕ್ಕಪಕ್ಕ ಇಟ್ಟು ನೋಡಲು ಬರುವುದೇ ಇಲ್ಲ. ಸಿಟಿಸಿ ಅಂದರೆ ನಿಮ್ಮ ಸಂಬಳ ಅಲ್ಲ, ಕಂಪನಿ ನಿಮ್ಮ ಮೇಲೆ ಮಾಡುವ ಒಟ್ಟು ಖರ್ಚು. ಆ ಖರ್ಚಿನಲ್ಲಿ ಏನೇನು ಸೇರಿಸಬೇಕು ಅನ್ನುವುದನ್ನು ಒಂದೊಂದು ಕಂಪನಿ ಒಂದೊಂದು ರೀತಿ ಇಟ್ಟುಕೊಂಡಿರುತ್ತದೆ. ಒಬ್ಬರು ವಿಮೆಯ ಪ್ರೀಮಿಯಂ, ಗ್ರಾಚ್ಯುಟಿ ಎಲ್ಲ ಸೇರಿಸಿ 12 ಲಕ್ಷ ಅನ್ನುತ್ತಾರೆ. ಇನ್ನೊಬ್ಬರು ಅವನ್ನೆಲ್ಲ ಹೊರಗಿಟ್ಟು 11.4 ಲಕ್ಷ ಅನ್ನುತ್ತಾರೆ.

ಹಾಗಾಗಿ ಕೇಳಲೇಬೇಕು. ಲೆಕ್ಕ ಕಣ್ಣಿಗೆ ಕಾಣಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿರುವ ಒಬ್ಬ ಹುಡುಗಿ, ಹಾಸನದಲ್ಲಿ ಅಪ್ಪ ಅಮ್ಮ, ಅಪ್ಪನಿಗೆ ಶುಗರ್ ಮತ್ತು ಬಿಪಿ. ಅವಳ ಕೈಯಲ್ಲಿರುವುದು ಮೇಲೆ ಹೇಳಿದ ಎರಡು ಆಫರ್. ಮೊದಲನೆಯದನ್ನು ದೊಡ್ಡ ಆಫರ್ ಅಂತಲೂ ಎರಡನೆಯದನ್ನು ಚಿಕ್ಕ ಆಫರ್ ಅಂತಲೂ ಕರೆಯೋಣ.

ಯಾವಾಗ ಕೇಳಬೇಕು, ಯಾರನ್ನು ಕೇಳಬೇಕು

ಸಂಬಳದ ಮಾತು ಮುಗಿದು "ನಿಮ್ಮನ್ನು ತಗೋತಿದ್ದೀವಿ" ಅಂತ ಅವರು ಹೇಳಿದ ಮೇಲೆ, ನೀವು ಒಪ್ಪಿಗೆ ಕೊಡುವ ಮೊದಲು. ಇದೇ ಸರಿಯಾದ ಹೊತ್ತು. ಮೊದಲ ಫೋನ್ ಕಾಲ್‌ನಲ್ಲೇ ರಜೆ ಎಷ್ಟು ಅಂತ ಕೇಳಿದರೆ ಉತ್ತರವೂ ತೇಲಿಸಿದ ಹಾಗೆ ಬರುತ್ತದೆ. ಸಹಿ ಹಾಕಿದ ಮೇಲೆ ಕೇಳಿದರೆ ಉತ್ತರ ಏನೇ ಬಂದರೂ ಉಪಯೋಗ ಇಲ್ಲ.

ನಿಮ್ಮ ಜೊತೆ ಮಾತಾಡುವವರು ಕನ್ಸಲ್ಟೆನ್ಸಿಯವರಾದರೆ ಅವರಿಗೆ ವಿಮೆ, ಪಿಎಫ್ ವಿವರ ನಿಜವಾಗಿಯೂ ಗೊತ್ತಿರುವುದಿಲ್ಲ. "ಎಲ್ಲಾ ಇದೆ ಮೇಡಂ, ಸ್ಟ್ಯಾಂಡರ್ಡ್ ಬೆನಿಫಿಟ್ಸ್" ಅಂತಾರೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಕಾಗಿಲ್ಲ. "ಸರ್, ಇದನ್ನು ಕಂಪನಿಯ ಎಚ್‌ಆರ್‌ಗೆ ಕಳಿಸಿ ಉತ್ತರ ತರಿಸಿಕೊಡ್ತೀರಾ? ಮೇಲ್‌ನಲ್ಲೇ ಬಂದರೆ ಸಾಕು" ಅನ್ನಿ. ಮುಖ್ಯವಾದ್ದು ಮೇಲ್‌ನಲ್ಲಿ ಅನ್ನುವ ಮಾತು. ಫೋನಿನಲ್ಲಿ ಹೇಳಿದ್ದು ಸೇರಿದ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಕೇಳಿದರೆ ಆಫರ್ ವಾಪಸ್ ತಗೊಂಡುಬಿಟ್ಟರೆ ಅನ್ನುವ ಭಯ ತುಂಬ ಜನರಿಗಿದೆ. ಸಂಬಳ ಜಾಸ್ತಿ ಮಾಡಿ ಅಂತ ಕೇಳುವುದು ಚೌಕಾಸಿ. ಪಾಲಿಸಿಯ ವಿವರ ಕಳಿಸಿ ಅಂತ ಕೇಳುವುದು ಚೌಕಾಸಿ ಅಲ್ಲ. ಸರಿಯಾಗಿ ನಡೆಯುವ ಎಚ್‌ಆರ್ ವಿಭಾಗದಲ್ಲಿ ಈ ಕಾಗದಗಳು ತಯಾರಾಗಿಯೇ ಇರುತ್ತವೆ. ಮೂರು ಕಾಗದ ಕೇಳಿ: ಸಂಬಳದ ತಿಂಗಳ ಬ್ರೇಕಪ್, ಗ್ರೂಪ್ ವಿಮೆಯ ಸೌಲಭ್ಯಗಳ ವಿವರ, ರಜೆ ಪಾಲಿಸಿ.

ಹೀಗೆ ಇಡೀ ಕಾಗದ ಕೇಳುವುದರಲ್ಲಿ ಇನ್ನೊಂದು ಅನುಕೂಲ ಇದೆ. ಹೆರಿಗೆ ಖರ್ಚು ಎಷ್ಟು ಕೊಡುತ್ತೀರಿ ಅಂತ ಬಿಡಿಯಾಗಿ ಕೇಳಿದರೆ ನಿಮ್ಮ ಮನೆಯ ವಿಚಾರ ನೀವೇ ಹೇಳಿದಂತೆ. ಅಪ್ಪನಿಗೆ ಹೃದಯದ ತೊಂದರೆ ಇದೆ, ಕವರ್ ಆಗುತ್ತಾ ಅಂತ ಕೇಳುವುದೂ ಅಷ್ಟೇ. ಪೂರ್ತಿ ಕಾಗದ ಕೈಗೆ ಬಂದರೆ ಬೇಕಾದ್ದನ್ನು ನೀವೇ ಓದಿಕೊಳ್ಳಬಹುದು.

ಪಿಎಫ್: 1,800 ರೂಪಾಯಿಯಾ, ಪೂರ್ತಿ 12 ಪರ್ಸೆಂಟಾ?

ಪಿಎಫ್ ಬಗ್ಗೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. "ಪಿಎಫ್ ಪೂರ್ತಿ ಬೇಸಿಕ್ ಮೇಲೆ ಕಟ್ಟುತ್ತೀರಾ, ಅಥವಾ 15,000 ಮಿತಿಗೆ ಮಾತ್ರವಾ? ಕಂಪನಿಯ ಪಾಲು ಸಿಟಿಸಿ ಒಳಗೆ ಇದೆಯಾ?"

ನಿಯಮ ಹೀಗಿದೆ. ನೌಕರರ ಸಂಬಳದಿಂದ 12 ಪರ್ಸೆಂಟ್, ಕಂಪನಿಯಿಂದ 12 ಪರ್ಸೆಂಟ್. ಆದರೆ ಕಡ್ಡಾಯ ಇರುವುದು ತಿಂಗಳಿಗೆ 15,000 ರೂಪಾಯಿ ಸಂಬಳದವರೆಗೆ ಮಾತ್ರ. 15,000ದ 12 ಪರ್ಸೆಂಟ್ ಅಂದರೆ 1,800. ಹಾಗಾಗಿ ಬೇಸಿಕ್ 50,000 ಇದ್ದರೂ ಕೆಲವು ಕಂಪನಿಗಳು 1,800 ಮಾತ್ರ ಕಟ್ಟುತ್ತವೆ. ಇನ್ನು ಕೆಲವು ಪೂರ್ತಿ 6,000 ಕಟ್ಟುತ್ತವೆ. ಎರಡೂ ಕಾನೂನಿನ ಪ್ರಕಾರ ಸರಿಯೇ.

ನಮ್ಮ ಉದಾಹರಣೆಗೆ ಬರೋಣ. ದೊಡ್ಡ ಆಫರ್‌ನ 12 ಲಕ್ಷದಲ್ಲಿ ಬೇಸಿಕ್ ತಿಂಗಳಿಗೆ 50,000. ಕಂಪನಿಯ ಪಿಎಫ್ ಪಾಲು ವರ್ಷಕ್ಕೆ 72,000, ಗ್ರಾಚ್ಯುಟಿ 28,860, ವಿಮೆ ಪ್ರೀಮಿಯಂ 18,000. ಇವೆಲ್ಲ ಸಿಟಿಸಿ ಒಳಗೇ ಇವೆ. ಕಳೆದರೆ ಉಳಿಯುವುದು 10,81,140. ತಿಂಗಳಿಗೆ 90,095. ಅದರಲ್ಲಿ ಅವಳ ಪಾಲಿನ ಪಿಎಫ್ 6,000 ಮತ್ತು ಕರ್ನಾಟಕದ ವೃತ್ತಿ ತೆರಿಗೆ 200 ಹೋದರೆ ಕೈಗೆ 83,895.

ಚಿಕ್ಕ ಆಫರ್‌ನ 11.4 ಲಕ್ಷದಲ್ಲಿ ಕಂಪನಿಯ ಪಿಎಫ್ ಪಾಲು ತಿಂಗಳಿಗೆ 1,800, ಅಂದರೆ ವರ್ಷಕ್ಕೆ 21,600 ಮಾತ್ರ. ಗ್ರಾಚ್ಯುಟಿ ಮತ್ತು ವಿಮೆ ಸಿಟಿಸಿಯ ಹೊರಗೆ. ಉಳಿಯುವುದು 11,18,400. ತಿಂಗಳಿಗೆ 93,200. ಪಿಎಫ್ 1,800 ಮತ್ತು ವೃತ್ತಿ ತೆರಿಗೆ 200 ಕಳೆದರೆ ಕೈಗೆ 91,200. ಎರಡೂ ಸಂಬಳಕ್ಕೆ 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ಆದಾಯ ತೆರಿಗೆ ಬರುವುದಿಲ್ಲ, ಯಾಕೆಂದರೆ ಎರಡೂ 12.75 ಲಕ್ಷದ ಒಳಗಿವೆ.

ಕಡಿಮೆ ಸಿಟಿಸಿಯ ಕೆಲಸದಲ್ಲೇ ತಿಂಗಳಿಗೆ 7,305 ರೂಪಾಯಿ ಜಾಸ್ತಿ ಕೈಗೆ ಬರುತ್ತಿದೆ. ಹಾಗಂತ ಅದೇ ಒಳ್ಳೆಯದು ಅಂತ ಹೇಳಲು ಆಗುವುದಿಲ್ಲ. ದೊಡ್ಡ ಆಫರ್‌ನಲ್ಲಿ ಇಬ್ಬರ ಪಾಲೂ ಸೇರಿ ತಿಂಗಳಿಗೆ 12,000 ಪಿಎಫ್‌ಗೆ ಹೋಗುತ್ತದೆ, ಚಿಕ್ಕದರಲ್ಲಿ 3,600. ಅದೂ ಅವಳದೇ ದುಡ್ಡು. ಕೈಗೆ ಬರುವುದು ಮತ್ತು ಪಿಎಫ್ ಎರಡನ್ನೂ ಕೂಡಿದರೆ ದೊಡ್ಡದು 95,895, ಚಿಕ್ಕದು 94,800. ವ್ಯತ್ಯಾಸ ತಿಂಗಳಿಗೆ 1,095. ವರ್ಷಕ್ಕೆ 13,140. ಅರವತ್ತು ಸಾವಿರ ಕರಗಿ ಹದಿಮೂರು ಸಾವಿರಕ್ಕೆ ಬಂತು.

ಗ್ರಾಚ್ಯುಟಿಯನ್ನು ಯಾಕೆ ಲೆಕ್ಕದಿಂದ ತೆಗೆದೆ ಅಂತ ಕೇಳಬಹುದು. ಕಾಯಂ ನೌಕರರಿಗೆ ಅದು ಸಿಗುವುದು ಸಾಮಾನ್ಯವಾಗಿ ಐದು ವರ್ಷ ಒಂದೇ ಕಡೆ ಕೆಲಸ ಮಾಡಿದ ಮೇಲೆ. ಎರಡು ಮೂರು ವರ್ಷಕ್ಕೆ ಕೆಲಸ ಬದಲಾಯಿಸುವವರು ಸಿಟಿಸಿಯಲ್ಲಿ ಆ ಸಾಲನ್ನು ಓದುತ್ತಾರೆ, ದುಡ್ಡು ಮಾತ್ರ ನೋಡುವುದಿಲ್ಲ. ಚಿಕ್ಕ ಆಫರ್‌ನ ಕಂಪನಿಯೂ ಐದು ವರ್ಷವಾದರೆ ಗ್ರಾಚ್ಯುಟಿ ಕೊಡಲೇಬೇಕು. ಅದನ್ನು ಸಿಟಿಸಿಯಲ್ಲಿ ತೋರಿಸಿಲ್ಲ, ಅಷ್ಟೇ.

ಪಿಎಫ್ ಜಾಸ್ತಿ ಬೇಕಾ, ಕೈಗೆ ಜಾಸ್ತಿ ಬೇಕಾ ಅನ್ನುವುದು ಅವರವರ ಮನೆಯ ಪರಿಸ್ಥಿತಿ. ತಿಂಗಳ ಕೊನೆಗೆ ಏನೂ ಉಳಿಯದವರಿಗೆ ಪೂರ್ತಿ ಪಿಎಫ್ ಒಳ್ಳೆಯದು ಅಂತ ನನ್ನ ಅಭಿಪ್ರಾಯ. 2024-25ಕ್ಕೆ ಬಡ್ಡಿ 8.25 ಪರ್ಸೆಂಟ್ ಕೊಟ್ಟಿದ್ದಾರೆ, ಅಷ್ಟು ಬಡ್ಡಿ ಬ್ಯಾಂಕಿನ ಸಾಮಾನ್ಯ ಎಫ್‌ಡಿಯಲ್ಲಿ ಸಿಗುವುದು ಕಷ್ಟ. 1,800 ಮಾತ್ರ ಕಟ್ಟುವ ಕಂಪನಿಗೆ ಸೇರಿದರೂ ದಾರಿ ಇದೆ. ನಿಮ್ಮ ಪಾಲನ್ನು ನೀವಾಗಿಯೇ ಜಾಸ್ತಿ ಕಟ್ಟಬಹುದು, ಇದನ್ನು ವಿಪಿಎಫ್ ಅನ್ನುತ್ತಾರೆ. ಕಂಪನಿ ಅದಕ್ಕೆ ಸರಿಸಮ ಹಾಕಬೇಕೆಂದಿಲ್ಲ. ವಿಪಿಎಫ್‌ಗೆ ಅವಕಾಶ ಇದೆಯಾ, ವರ್ಷದಲ್ಲಿ ಯಾವ ತಿಂಗಳಲ್ಲಿ ಬದಲಾಯಿಸಬಹುದು ಅಂತ ಕೇಳಿಕೊಳ್ಳಿ.

ಕಂಪನಿಯ ಪಾಲಿನ ಒಳಗೆ ಇನ್ನೊಂದು ಭಾಗ ಇದೆ, ಪಿಂಚಣಿ. ಪಿಂಚಣಿ ಯೋಜನೆಯಲ್ಲಿ ಇರುವವರಿಗೆ ಕಂಪನಿಯ ಪಾಲಿನಿಂದ ತಿಂಗಳಿಗೆ 1,250ರವರೆಗೆ ಅಲ್ಲಿಗೆ ಹೋಗುತ್ತದೆ. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಸಲ ಪಿಎಫ್‌ಗೆ ಸೇರಿದವರು, ಸೇರುವಾಗಲೇ ಪಿಎಫ್ ಸಂಬಳ 15,000ಕ್ಕಿಂತ ಜಾಸ್ತಿ ಇದ್ದರೆ, ಅವರು ಪಿಂಚಣಿ ಯೋಜನೆಗೆ ಬರುವುದಿಲ್ಲ. ಅವರಿಗೆ ಕಂಪನಿಯ ಪಾಲು ಪೂರ್ತಿ ಪಿಎಫ್‌ಗೇ ಹೋಗಬೇಕು. ಹೊಸ ಕಂಪನಿ ಇದನ್ನು ತಪ್ಪಾಗಿ ತುಂಬಿದರೆ ಮುಂದೆ ದುಡ್ಡು ವರ್ಗಾಯಿಸುವಾಗಲೋ ತೆಗೆಯುವಾಗಲೋ ತಕರಾರು ಏಳುತ್ತದೆ. ನಿಮ್ಮ ಪಿಎಫ್ ಪಾಸ್‌ಬುಕ್ ತೆರೆದರೆ ಪಿಂಚಣಿಯ ಕಾಲಂ ಬೇರೆಯೇ ಇರುತ್ತದೆ. ಅಲ್ಲಿ ಸೊನ್ನೆ ಇದೆಯಾ, 1,250 ಇದೆಯಾ ನೋಡಿಕೊಂಡು ಅದನ್ನೇ ಹೊಸ ಎಚ್‌ಆರ್‌ಗೆ ತಿಳಿಸಿ.

ಈಗ ಸಂಬಳದ ಬ್ರೇಕಪ್ ಕೇಳಲು ಇನ್ನೊಂದು ಕಾರಣವೂ ಸೇರಿಕೊಂಡಿದೆ. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅದರ ಪ್ರಕಾರ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ ಭಾಗವನ್ನೂ ವೇತನ ಅಂತಲೇ ಎಣಿಸಬೇಕು. ಬೇಸಿಕ್ ತೀರಾ ಕಡಿಮೆ ಇಟ್ಟಿದ್ದ ಕಂಪನಿಗಳು ಬ್ರೇಕಪ್ ಬದಲಾಯಿಸಬೇಕಾಗುತ್ತದೆ. ಹಾಗಾಗಿ "ಈ ಬ್ರೇಕಪ್ ಹೊಸ ಸಂಹಿತೆಗೆ ತಕ್ಕ ಹಾಗೆ ಇದೆಯಾ, ಮುಂದೆ ಬದಲಾಗುತ್ತಾ?" ಅಂತ ಒಂದು ಸಾಲು ಸೇರಿಸಿ.

ವಿಮೆ: 5 ಲಕ್ಷ ಅಂದರೆ 5 ಲಕ್ಷ ಅಲ್ಲ

ಎಲ್ಲರೂ ಕೇಳುವುದು ಎಷ್ಟು ಲಕ್ಷದ ಕವರ್ ಅಂತ. ಅದಕ್ಕಿಂತ ಮುಖ್ಯವಾದ ನಾಲ್ಕು ವಿಷಯ ಇವೆ. ಯಾರ್ಯಾರು ಸೇರುತ್ತಾರೆ? ಮೊದಲೇ ಇರುವ ಕಾಯಿಲೆಗೆ ಮೊದಲ ದಿನದಿಂದ ಕವರ್ ಇದೆಯಾ? ರೂಮ್ ಬಾಡಿಗೆಗೆ ಮಿತಿ ಎಷ್ಟು? ಕೋ-ಪೇ, ಅಂದರೆ ಬಿಲ್ಲಿನಲ್ಲಿ ನಾವು ಕೈಯಿಂದ ಕೊಡಬೇಕಾದ ಪಾಲು, ಎಷ್ಟು?

ದೊಡ್ಡ ಆಫರ್‌ನಲ್ಲಿ ಅಪ್ಪ ಅಮ್ಮನೂ ಸೇರಿ 5 ಲಕ್ಷ. ರೂಮ್ ಬಾಡಿಗೆ ದಿನಕ್ಕೆ ವಿಮೆ ಮೊತ್ತದ 1 ಪರ್ಸೆಂಟ್, ಅಂದರೆ 5,000. ಅಪ್ಪ ಅಮ್ಮನ ಕ್ಲೇಮಿಗೆ 20 ಪರ್ಸೆಂಟ್ ಕೋ-ಪೇ. ಚಿಕ್ಕ ಆಫರ್‌ನಲ್ಲಿ ಅವಳಿಗೆ 3 ಲಕ್ಷ ಉಚಿತ. ಅಪ್ಪ ಅಮ್ಮನಿಗೆ ಬೇಕಿದ್ದರೆ 5 ಲಕ್ಷದ ಬೇರೆ ಪಾಲಿಸಿ, ವರ್ಷಕ್ಕೆ 32,000 ಪ್ರೀಮಿಯಂ ಅವಳ ಸಂಬಳದಿಂದ ಕಡಿತ. ಆದರೆ ಕೋ-ಪೇ ಇಲ್ಲ, ಸಿಂಗಲ್ ರೂಮಿನವರೆಗೆ ಬಾಡಿಗೆ ಮಿತಿಯೂ ಇಲ್ಲ. ಎರಡರಲ್ಲೂ ಹಳೆಯ ಕಾಯಿಲೆಗೆ ಮೊದಲ ದಿನದಿಂದ ಕವರ್.

ಮೇಲಿಂದ ನೋಡಿದರೆ ದೊಡ್ಡ ಆಫರ್‌ನ ವಿಮೆಯೇ ಲಾಭ. ಈಗ ಅಪ್ಪನಿಗೆ ಆಂಜಿಯೋಪ್ಲಾಸ್ಟಿ ಆಯಿತು ಅಂದುಕೊಳ್ಳಿ. ನಾಲ್ಕು ದಿನ ಆಸ್ಪತ್ರೆ, ದಿನಕ್ಕೆ 8,000ದ ರೂಮ್, ಒಟ್ಟು ಬಿಲ್ಲು 3 ಲಕ್ಷ. ಅದರಲ್ಲಿ ರೂಮ್ ಬಾಡಿಗೆ 32,000, ಡಾಕ್ಟರ್ ಫೀಸು, ಆಪರೇಷನ್ ಮತ್ತು ನರ್ಸಿಂಗ್ 1,28,000, ಸ್ಟೆಂಟ್, ಔಷಧಿ, ಪರೀಕ್ಷೆಗಳು 1,40,000.

ರೂಮ್ ಬಾಡಿಗೆಯಲ್ಲಿ ದಿನಕ್ಕೆ 3,000ದಂತೆ 12,000 ಕೈಯಿಂದ ಹೋಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಡೆಯುವುದು ಬೇರೆ. ಮಿತಿ ದಾಟಿದ ರೂಮ್ ತಗೊಂಡರೆ ಡಾಕ್ಟರ್ ಫೀಸು, ಆಪರೇಷನ್ ಖರ್ಚನ್ನೂ ಅದೇ ಅನುಪಾತದಲ್ಲಿ ಕಡಿತ ಮಾಡುತ್ತಾರೆ. ಐದು ಸಾವಿರ ಭಾಗಿಸು ಎಂಟು ಸಾವಿರ. ಹಾಗಾಗಿ ರೂಮಿಗೆ 20,000, ಡಾಕ್ಟರ್ ಮತ್ತು ಆಪರೇಷನ್ ಖರ್ಚಿಗೆ 80,000 ಮಾತ್ರ ಒಪ್ಪುತ್ತಾರೆ. ಔಷಧಿ, ಸ್ಟೆಂಟ್, ಪರೀಕ್ಷೆಗಳಿಗೆ ಈ ಕಡಿತ ಇಲ್ಲ, ಅದಕ್ಕೆ ಪೂರ್ತಿ 1,40,000. ಒಟ್ಟು 2,40,000. ಅದರ ಮೇಲೆ ಕೋ-ಪೇ 20 ಪರ್ಸೆಂಟ್, 48,000. ವಿಮೆಯಿಂದ ಬರುವುದು 1,92,000. ಮನೆಯಿಂದ ಹೋಗುವುದು 1,08,000.

5 ಲಕ್ಷದ ಕವರ್ ಇದ್ದು, 3 ಲಕ್ಷದ ಬಿಲ್ಲಿಗೆ ಒಂದು ಲಕ್ಷ ಕೈಯಿಂದ. ಡಿಸ್ಚಾರ್ಜ್ ದಿನ ಕೌಂಟರ್ ಮುಂದೆ ನಿಂತಾಗ ಈ ವಿಷಯ ಗೊತ್ತಾಗುವುದು ನಿಜಕ್ಕೂ ಸಂಕಟದ ಮಾತು. ಚಿಕ್ಕ ಆಫರ್‌ನ ಪಾಲಿಸಿಯಲ್ಲಿ ಕೈಗವಸು, ಫೈಲ್ ಚಾರ್ಜ್‌ನಂಥ ಸಣ್ಣಪುಟ್ಟವು ಬಿಟ್ಟರೆ ಪೂರ್ತಿ ಬಿಲ್ಲು ಕ್ಯಾಶ್‌ಲೆಸ್ ಆಗಿ ಮುಗಿಯುತ್ತಿತ್ತು.

ಈಗ ಎರಡೂ ಲೆಕ್ಕ ಕೂಡಿಸಿ. ಯಾರಿಗೂ ಏನೂ ಆಗದ ವರ್ಷದಲ್ಲಿ ದೊಡ್ಡ ಆಫರ್ 13,140 ಮತ್ತು ಉಳಿದ ಪ್ರೀಮಿಯಂ 32,000 ಸೇರಿ 45,140 ಮುಂದಿದೆ. ಅಪ್ಪ ಆಸ್ಪತ್ರೆ ಸೇರಿದ ವರ್ಷದಲ್ಲಿ ಚಿಕ್ಕ ಆಫರ್ 62,860 ಮುಂದಿದೆ. ಅಪ್ಪ ಅಮ್ಮನಿಗೆ ಆಗಲೇ ಒಳ್ಳೆಯ ಸ್ವಂತ ಪಾಲಿಸಿ ಇದ್ದರೆ ಈ ಇಡೀ ಲೆಕ್ಕವೇ ಬೇಕಾಗಿಲ್ಲ. ಇಲ್ಲದಿದ್ದರೆ ಬೇಕು. ಯಾಕೆಂದರೆ ಶುಗರ್, ಬಿಪಿ ಇರುವವರು ಈಗ ಹೊಸದಾಗಿ ಸ್ವಂತ ಪಾಲಿಸಿ ತಗೊಂಡರೆ ಹಳೆಯ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಗ್ರೂಪ್ ಪಾಲಿಸಿಯ ದೊಡ್ಡ ಲಾಭ ಇರುವುದೇ ಇಲ್ಲಿ.

ಇನ್ನೆರಡು ಪ್ರಶ್ನೆ ಕೇಳಿ. ಹಾಸನದಲ್ಲಿ ಯಾವ ಆಸ್ಪತ್ರೆಗಳು ನೆಟ್‌ವರ್ಕ್‌ನಲ್ಲಿವೆ? ಬೆಂಗಳೂರಿನ ಪಟ್ಟಿ ಉದ್ದ ಇರುತ್ತದೆ, ಆದರೆ ಅಪ್ಪ ಇರುವುದು ಅಲ್ಲಿ ಅಲ್ಲ. ಅಪ್ಪ ಅಮ್ಮನ ಹೆಸರು ಸೇರಿಸಲು ಎಷ್ಟು ದಿನ ಅವಕಾಶ? ಸೇರಿದ ಮೇಲೆ ಇಂತಿಷ್ಟು ದಿನದೊಳಗೆ ಪೋರ್ಟಲ್‌ನಲ್ಲಿ ಹೆಸರು, ಹುಟ್ಟಿದ ದಿನಾಂಕ ತುಂಬಬೇಕು ಅಂತ ಇರುತ್ತದೆ. ಆ ಗಡುವು ತಪ್ಪಿದರೆ ಮುಂದಿನ ವರ್ಷ ಪಾಲಿಸಿ ನವೀಕರಣ ಆಗುವವರೆಗೆ ಸೇರಿಸುವುದು ಕಷ್ಟ.

ಸಂಬಳ ತಿಂಗಳಿಗೆ 21,000ದ ಒಳಗಿರುವವರ ವಿಷಯ ಬೇರೆ. ಅವರು ಇಎಸ್‌ಐಗೆ ಬರುತ್ತಾರೆ, ಅವರು ಕೇಳಬೇಕಾದ್ದು ಇಎಸ್‌ಐ ನೋಂದಣಿ ಯಾವತ್ತಿನಿಂದ ಅಂತ.

ರಜೆ: ಸಂಖ್ಯೆಗಿಂತ ನಿಯಮ ನೋಡಿ

"ನಮ್ಮಲ್ಲಿ ವರ್ಷಕ್ಕೆ 24 ರಜೆ ಕೊಡ್ತೀವಿ" ಅಂತ ಹೆಮ್ಮೆಯಿಂದ ಹೇಳುವವರಿದ್ದಾರೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಐಟಿ ಕಂಪನಿಗಳಿಗೂ ಅನ್ವಯಿಸುತ್ತದೆ. ಅದರ ಪ್ರಕಾರ ಕೆಲಸ ಮಾಡಿದ ಪ್ರತಿ 20 ದಿನಕ್ಕೆ ಒಂದು ಗಳಿಕೆ ರಜೆ, ಅದರ ಜೊತೆಗೆ ಕಾಯಿಲೆ ಮುಂತಾದ್ದಕ್ಕೆ ವರ್ಷಕ್ಕೆ 12 ದಿನ. ವರ್ಷಕ್ಕೆ 240 ದಿನ ಕೆಲಸ ಮಾಡಿದರೆ 12 ಮತ್ತು 12, ಒಟ್ಟು 24. ಅಂದರೆ ಅವರು ಹೇಳಿದ್ದು ಕಾನೂನಿನ ಕನಿಷ್ಠ ಅಷ್ಟೇ. ಇದಲ್ಲದೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಮತ್ತು ಐದು ಹಬ್ಬ ಸೇರಿ 10 ದಿನದ ರಜೆ ಬೇರೆ ಇದೆ. ಈ ಹತ್ತನ್ನೂ ಸೇರಿಸಿ 34 ರಜೆ ಅಂತ ಯಾರಾದರೂ ಹೇಳಿದರೆ ಬಿಡಿಸಿ ಕೇಳಿ.

ನಿಯಮಗಳಲ್ಲಿ ಮೊದಲು ನೋಡಬೇಕಾದ್ದು ಸ್ಯಾಂಡ್‌ವಿಚ್ ರಜೆ. ಶುಕ್ರವಾರ ಮತ್ತು ಸೋಮವಾರ ರಜೆ ಹಾಕಿ ಊರಿಗೆ ಹೋಗಿ ಬಂದಿರಿ. ಈ ನಿಯಮ ಇರುವ ಕಡೆ ನಡುವಿನ ಶನಿವಾರ, ಭಾನುವಾರವನ್ನೂ ರಜೆ ಅಂತ ಎಣಿಸಿ ನಾಲ್ಕು ದಿನ ಕಳೆಯುತ್ತಾರೆ. ಊರಿಗೆ ಹೋಗಿ ಬರುವವರಿಗೆ ಹೀಗಾದರೆ 18 ಗಳಿಕೆ ರಜೆಯೂ ಬೇಗ ಖಾಲಿ. ಈ ನಿಯಮ ಇಲ್ಲದ ಕಡೆ 15 ಇದ್ದರೂ ಸಾಕಾಗುತ್ತದೆ.

ಆಮೇಲೆ, ಪ್ರೊಬೇಷನ್‌ನಲ್ಲಿ ರಜೆ ಬಳಸಬಹುದಾ, ಇಲ್ಲವಾ? ಆರು ತಿಂಗಳು ಬಳಸಲು ಬಿಡದಿದ್ದರೆ ಅಷ್ಟರಲ್ಲಿ ಮನೆಯಲ್ಲಿ ಮದುವೆಯೋ ಆಸ್ಪತ್ರೆಯೋ ಬಂದರೆ ಸಂಬಳ ಕಡಿತ. ಉಳಿದ ರಜೆಗೆ ದುಡ್ಡು ಕೊಡುವಾಗ ಬೇಸಿಕ್ ಲೆಕ್ಕವಾ, ಪೂರ್ತಿ ಸಂಬಳದ ಲೆಕ್ಕವಾ ಅನ್ನುವುದೂ ಮುಖ್ಯ. ದೊಡ್ಡ ಆಫರ್‌ನಲ್ಲಿ ಒಂದು ದಿನದ ರಜೆಗೆ ಬೇಸಿಕ್ ಲೆಕ್ಕದಲ್ಲಿ ಸುಮಾರು 1,667, ಪೂರ್ತಿ ಸಂಬಳದ ಲೆಕ್ಕದಲ್ಲಿ ಸುಮಾರು 3,003. ಕೆಲಸ ಬಿಡುವಾಗ 20 ದಿನ ಉಳಿದಿದ್ದರೆ ವ್ಯತ್ಯಾಸ 26 ಸಾವಿರ ದಾಟುತ್ತದೆ.

ಮಗುವಿನ ಯೋಚನೆ ಇರುವ ಹೆಣ್ಣುಮಕ್ಕಳು ಒಂದು ಸಂಖ್ಯೆ ನೆನಪಿಟ್ಟುಕೊಳ್ಳಬೇಕು: 80 ದಿನ. ಹೆರಿಗೆಯ ನಿರೀಕ್ಷಿತ ದಿನಾಂಕಕ್ಕೆ ಮುಂಚಿನ 12 ತಿಂಗಳಲ್ಲಿ ಆ ಕಂಪನಿಯಲ್ಲಿ 80 ದಿನ ಕೆಲಸ ಮಾಡಿದ್ದರೆ ಸಂಬಳ ಸಹಿತ 26 ವಾರದ ರಜೆ ಸಿಗುತ್ತದೆ. ಎರಡು ಮಕ್ಕಳಿದ್ದರೆ 12 ವಾರ. ಹಳೆಯ ಕಂಪನಿಯಲ್ಲಿ ಮಾಡಿದ ದಿನಗಳು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಸೇರುವ ದಿನಾಂಕ ಒಪ್ಪಿಕೊಳ್ಳುವ ಮೊದಲು ಕ್ಯಾಲೆಂಡರ್ ನೋಡಿ.

ಮೇಲ್ ಹೀಗಿರಲಿ

"ಆಫರ್‌ಗೆ ಧನ್ಯವಾದಗಳು. ತೀರ್ಮಾನ ಮಾಡುವ ಮೊದಲು ಕೆಲವು ವಿವರ ಬೇಕಿತ್ತು. ಸಂಬಳದ ತಿಂಗಳ ಬ್ರೇಕಪ್ ಕಳಿಸಿ, ಪಿಎಫ್ ಪೂರ್ತಿ ಬೇಸಿಕ್ ಮೇಲೋ 1,800ಕ್ಕೋ ತಿಳಿಸಿ. ಕಂಪನಿಯ ಪಿಎಫ್, ಗ್ರಾಚ್ಯುಟಿ, ವಿಮೆ ಪ್ರೀಮಿಯಂ ಇವುಗಳಲ್ಲಿ ಯಾವುದು ಸಿಟಿಸಿ ಒಳಗಿದೆ? ಗ್ರೂಪ್ ವಿಮೆಯ ಸೌಲಭ್ಯಗಳ ಕಾಗದ ಮತ್ತು ರಜೆ ಪಾಲಿಸಿಯನ್ನೂ ಕಳಿಸಿಕೊಡಿ. ಶುಕ್ರವಾರದೊಳಗೆ ಸಿಕ್ಕರೆ ಸೋಮವಾರ ನನ್ನ ಉತ್ತರ ತಿಳಿಸುತ್ತೇನೆ."

ಕೊನೆಯ ಸಾಲು ಬಿಡಬೇಡಿ. ನೀವೂ ಒಂದು ದಿನಾಂಕ ಕೊಟ್ಟಿದ್ದೀರಿ ಅಂದರೆ ಅವರೂ ಬೇಗ ಉತ್ತರ ಕೊಡುತ್ತಾರೆ. ಇದೇ ಮೇಲ್ ಎರಡೂ ಕಂಪನಿಗೆ ಹೋಗಲಿ, ಆಗ ಉತ್ತರಗಳನ್ನು ಸಾಲು ಸಾಲಾಗಿ ಹೋಲಿಸಲು ಆಗುತ್ತದೆ. "ಅದೆಲ್ಲ ಸೇರಿದ ಮೇಲೆ ಇಂಡಕ್ಷನ್‌ನಲ್ಲಿ ಹೇಳ್ತೀವಿ" ಅಂತ ಬಂದರೆ ಇನ್ನೊಮ್ಮೆ ಮರ್ಯಾದೆಯಿಂದ ಕೇಳಿ. ಆಗಲೂ ಅದೇ ಉತ್ತರ ಬಂದರೆ ಲೆಕ್ಕ ಹಾಕುವಾಗ ಅಪ್ಪ ಅಮ್ಮನಿಗೆ ಕವರ್ ಇಲ್ಲ, ಪಿಎಫ್ 1,800, ರಜೆ ಕಾನೂನಿನ ಕನಿಷ್ಠ ಅಂತಲೇ ಹಿಡಿಯಿರಿ.

ಒಪ್ಪಿಕೊಂಡ ಮೇಲೆ ಒಂದು ಕೆಲಸ ಉಳಿಯುತ್ತದೆ. ಹಳೆಯ ಕಂಪನಿಯ ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೆ ಮುಗಿಯುತ್ತದೆ, ಹೊಸದು ಸೇರಿದ ದಿನದಿಂದ ಶುರು. ನಡುವೆ ಎರಡು ವಾರ ಬಿಡುವು ತಗೊಂಡರೆ ಆ ಎರಡು ವಾರ ಮನೆಯವರಿಗೆ ಕವರ್ ಇಲ್ಲ. ಅಪ್ಪನಂಥವರು ಮನೆಯಲ್ಲಿದ್ದರೆ ಶುಕ್ರವಾರ ಬಿಟ್ಟು ಸೋಮವಾರ ಸೇರುವುದೇ ಮೇಲು. ಇಲ್ಲವಾದರೆ ಹಳೆಯ ಗ್ರೂಪ್ ಪಾಲಿಸಿಯಿಂದ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಗಲು ಅವಕಾಶ ಇದೆಯಾ ಅಂತ, ನೋಟಿಸ್ ಅವಧಿ ಮುಗಿಯುವ ಮೊದಲೇ ಹಳೆಯ ಎಚ್‌ಆರ್‌ಗೆ ಕೇಳಿ.